ಮಲಗಿಸಿ ತೆಗೆದ ಫಿಲ್ಮು

ನಮ್ಮ ಆಸ್ಪತ್ರೆಯ ಎಕ್ಸ್‌ರೇ ಕೋಣೆಯನ್ನು ಇಪ್ಪತ್ತಾರು ವರ್ಷ ಆಳಿದವರು ಅಕ್ಕ. ಆಳಿದವರು ಎಂದು ಬೇಕೆಂದೇ ಬರೆಯುತ್ತಿದ್ದೇನೆ, ಕೆಲಸ ಮಾಡಿದವರು ಎಂದರೆ ಸಾಲದು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅಕ್ಕ. ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ನನಗೂ ಅಕ್ಕನೇ. ಬೆನ್ನ ಹಿಂದೆ ಮಾತ್ರ ಹೆಡ್‌ಮಿಸ್ಸು ಎನ್ನುತ್ತಿದ್ದೆವು, ಯಾಕೆಂದರೆ ಬಂದವರನ್ನೆಲ್ಲ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರು.

ನಾನು ಪಕ್ಕದ ಪ್ಲಾಸ್ಟರ್ ಕೋಣೆಯವನು. ಮುರಿದ ಕೈಕಾಲಿಗೆ ಪಟ್ಟಿ ಸುತ್ತುವುದು, ಕೈಯನ್ನು ಸ್ಲಿಂಗಿನಲ್ಲಿ ತೂಗುಹಾಕುವುದು, ವಾಸಿಯಾದ ಮೇಲೆ ಕತ್ತರಿಸಿ ಬಿಚ್ಚುವುದು, ಇಷ್ಟೇ ನನ್ನ ವಿದ್ಯೆ. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಅದು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಾಗಾಗಿ ಅಕ್ಕ ಯಾರಿಗೆ ಬೈದರೂ ನನಗೆ ಅರ್ಧ ಪಾಲು ಬರುತ್ತಿತ್ತು.

ಬೈಗುಳದಲ್ಲಿ ಮುಕ್ಕಾಲು ಭಾಗ ಕಾಲರ್ ಮೂಳೆಯ ವಿಚಾರಕ್ಕೆ. ಕತ್ತಿನ ಬುಡದಿಂದ ಭುಜದ ತುದಿಗೆ ಅಡ್ಡ ಹೋಗುವ ಆ ತೆಳು ಮೂಳೆ ಮುರಿದುಕೊಂಡು ಬರುವವರಿಗೆ ನಮ್ಮಲ್ಲಿ ಬರವಿಲ್ಲ. ಬೈಕಿನಿಂದ ಬಿದ್ದವರು, ಸೈಕಲ್ಲಿನಿಂದ ಬಿದ್ದವರು, ಮೈದಾನದಲ್ಲಿ ಚೆಂಡಿನ ಹಿಂದೆ ಓಡಿ ಭುಜ ಊರಿದವರು. ಹತ್ತರಲ್ಲಿ ಎಂಟು ಜನರಿಗೆ ಅದು ನಟ್ಟನಡುವೆ ಮುರಿದಿರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಭುಜದ ಕಡೆಯ ತುದಿ, ಅಪರೂಪಕ್ಕೊಬ್ಬರಿಗೆ ಎದೆಯ ಕಡೆಯ ತುದಿ. ನಡುವೆ ಮುರಿದಾಗ ಕತ್ತಿನ ಸ್ನಾಯು ಒಳಗಿನ ತುಂಡನ್ನು ಮೇಲಕ್ಕೆ ಎಳೆಯುತ್ತದೆ, ಕೈಯ ಭಾರ ಹೊರಗಿನ ತುಂಡನ್ನು ಕೆಳಕ್ಕೆ ಜಗ್ಗುತ್ತದೆ. ಆದರೆ ಮನುಷ್ಯನನ್ನು ಅಂಗಾತ ಮಲಗಿಸಿಬಿಟ್ಟರೆ ಕೈಯ ಭಾರ ಇಳಿಯುತ್ತದೆ, ತುಂಡುಗಳು ಒಳ್ಳೆಯ ಮಕ್ಕಳ ಹಾಗೆ ಹತ್ತಿರ ಬಂದು ಕೂರುತ್ತವೆ. ಆಗ ತೆಗೆದ ಫಿಲ್ಮು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಇದು ಅಕ್ಕನಿಗೆ ವೇದವಾಕ್ಯ. ನಿಲ್ಲಿಸಿಯೇ ತೆಗೆಯಬೇಕು, ನಿಲ್ಲಲಾಗದಿದ್ದರೆ ಕೂರಿಸಿ, ಕೂರಲೂ ಆಗದಿದ್ದರೆ ಒಬ್ಬರು ಹಿಂದಿನಿಂದ ಹಿಡಿದುಕೊಂಡು ಕೂರಿಸಿ. ಇದನ್ನು ತಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿದ್ದರು. ಒಮ್ಮೆ ಕೈಕೆಳಗಿನ ಹುಡುಗಿಯೊಬ್ಬಳು ಸ್ಟ್ರೆಚರಿನ ಮೇಲೇ ಫಿಲ್ಮು ತೆಗೆದು ಕಳಿಸಿದ್ದಕ್ಕೆ, ಇಡೀ ಸಾಲಿನ ಎದುರು ಅವಳ ಕಣ್ಣಲ್ಲಿ ನೀರು ಬರಿಸಿದ್ದರು.

"ಡಾಕ್ಟ್ರು ಸ್ಲಿಂಗೋ, ಕೊಯ್ದು ಪ್ಲೇಟ್ ಹಾಕೋದೋ ಅಂತ ತೀರ್ಮಾನ ಮಾಡೋದು ಯಾವುದನ್ನ ನೋಡ್ಕೊಂಡು? ನೀನು ಕೊಟ್ಟಿದ್ದನ್ನ. ನೀನೇ ಅರ್ಧ ಕೊಟ್ರೆ ಅವರು ಇನ್ನೇನು ಮಾಡ್ತಾರೆ?"

ಸರಿಯಾದ ಮಾತು. ಇವತ್ತಿಗೂ ಅದರಲ್ಲಿ ನನ್ನ ತಕರಾರಿಲ್ಲ.

ಅಕ್ಕನಿಗೆ ಮದುವೆಯಾಗಲಿಲ್ಲ. ಹದಿನೇಳರಲ್ಲಿ ತಾಯಿ ತೀರಿಕೊಂಡರು, ಮನೆಯಲ್ಲಿ ಆರು ವರ್ಷದ ತಮ್ಮ. ತಂದೆ ಇದ್ದೂ ಇಲ್ಲದ ಹಾಗೆ. ಆ ತಮ್ಮನಿಗೆ ಸ್ನಾನ ಮಾಡಿಸಿ, ಶಾಲೆಗೆ ಕಳಿಸಿ, ರಾತ್ರಿ ಪಾಳಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಮಲಗಿಸಿ ದೊಡ್ಡವನನ್ನಾಗಿ ಮಾಡಿದರು. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕಂಬದ ತುದಿಯಲ್ಲಿ ಒರಗಿ, ಎರಡೂ ಕೈ ತಲೆಯ ಮೇಲೆ ಎತ್ತಿ ಗಂಟೆಗಟ್ಟಲೆ ಕೆಲಸ ಮಾಡುವ ನೌಕರಿ. ಒಂದು ಸಲ ಆಸ್ಪತ್ರೆಯ ಎದುರಿನ ಕಂಬ ಹತ್ತಿದ್ದ. ಅಕ್ಕ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಅವನು ಇಳಿಯುವವರೆಗೂ ನಿಂತಿದ್ದರು. ಒಳಗೆ ರೋಗಿಗಳು ಸಾಲುಗಟ್ಟಿದ್ದರು, ಅವತ್ತು ಮಾತ್ರ ಅಕ್ಕನಿಗೆ ಯಾವ ನಿಯಮವೂ ನೆನಪಿರಲಿಲ್ಲ.

ಅವನಿಗೆ ಮೂವತ್ತೆಂಟಾದಾಗ, ಬೆಳಿಗ್ಗೆ ಕೆಲಸಕ್ಕೆ ಹೊರಟವನು ತಿರುವಿನಲ್ಲಿ ಮರಳಿನ ಮೇಲೆ ಬೈಕು ಜಾರಿ ಎಡಭುಜದ ಮೇಲೆ ಬಿದ್ದ. ಜೊತೆಯವರು ಹೊತ್ತುಕೊಂಡು ಬಂದರು. ಮುಖ ಸುಣ್ಣದಂತಾಗಿತ್ತು. ಗೋಡೆಯ ಮುಂದೆ ನಿಲ್ಲಿಸುತ್ತಿದ್ದಂತೆ ಕಣ್ಣು ಮೇಲಾಯಿತು, ನಾನು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟು ಹಿಡಿದೆ.

"ಕೂರಿಸೋಣ ಅಕ್ಕ, ನಾನು ಹಿಂದೆ ಹಿಡ್ಕೋತೀನಿ" ಎಂದೆ.

"ಬೇಡ, ಬೇಡ. ಮಲಗಿಸು. ನೋವಾಗ್ತಿದೆ ಅವನಿಗೆ, ಕಾಣಲ್ವಾ?"

ಕಾಣುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ನಿಂತವರೆಲ್ಲರಿಗೂ ನೋವಾಗಿತ್ತು. ಮಲಗಿಸಿದೆವು, ಫಿಲ್ಮು ತೆಗೆದರು. ನಿಂತು ತೆಗೆದ ಫಿಲ್ಮಿನ ಮೂಲೆಯಲ್ಲಿ ಅವರು ಸೀಸದ ಒಂದು ಪುಟ್ಟ ಬಾಣ ಇಡುತ್ತಿದ್ದರು. ಇದರಲ್ಲಿ ಬಾಣ ಇರಲಿಲ್ಲ. ಅವತ್ತು ನೂರು ಫಿಲ್ಮಿನ ಗಲಾಟೆಯಲ್ಲಿದ್ದ ದೊಡ್ಡ ಡಾಕ್ಟರು ಬಾಣ ಹುಡುಕಲಿಲ್ಲ. ಅಕ್ಕನ ಕೋಣೆಯಿಂದ ಬಂದದ್ದು ಎಂದರೆ ಅವರು ಹುಡುಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಫಿಲ್ಮು ಚೆನ್ನಾಗಿಯೇ ಇತ್ತು. ನಡುವೆ ಮುರಿದಿದೆ, ಒಂದು ಸಣ್ಣ ಚೂರು ಪಕ್ಕದಲ್ಲಿದೆ, ಆದರೆ ಎರಡು ತುಂಡುಗಳು ಅರ್ಧಕ್ಕರ್ಧ ಒಂದನ್ನೊಂದು ಮುಟ್ಟಿಕೊಂಡಿವೆ. ಚರ್ಮ ಚುಚ್ಚಿಕೊಂಡು ಬಂದಿಲ್ಲ, ಬೆರಳುಗಳಲ್ಲಿ ಸ್ಪರ್ಶ ಸರಿಯಿದೆ, ನಾಡಿ ಸರಿಯಿದೆ.

"ಸ್ಲಿಂಗ್ ಸಾಕು" ಎಂದರು ದೊಡ್ಡ ಡಾಕ್ಟರು. "ಇಷ್ಟು ಹತ್ರ ಇರೋವು ಸುಮ್ನೆ ಇದ್ರೆ ತಾವಾಗೇ ಕೂಡ್ಕೊಳ್ತವೆ. ಎರಡು ವಾರ ಬಿಟ್ಟು ಬಾ, ನೋಡೋಣ. ಸಿಗರೇಟು ಬಿಡಪ್ಪ, ಮೂಳೆ ಕೂಡೋದಕ್ಕೆ ಅದೇ ದೊಡ್ಡ ಶತ್ರು."

ಸ್ಲಿಂಗ್ ಹಾಕುವ ಮುಂಚೆ ನನ್ನದೊಂದು ಅಭ್ಯಾಸವಿದೆ. ದರ್ಜಿಯ ಟೇಪು ಹಿಡಿದು ಗಂಟಲಿನ ಬುಡದ ಹಳ್ಳದಿಂದ ಭುಜದ ತುದಿಯವರೆಗೆ ಎರಡೂ ಕಡೆ ಅಳೆಯುತ್ತೇನೆ. ಯಾರೂ ಕೇಳಿದ್ದಲ್ಲ, ಸುಮ್ಮನೆ ಅಳೆಯುತ್ತೇನೆ. ಅಷ್ಟು ಹೊತ್ತಿಗೆ ಅವನು ಚೇತರಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಎಡಗಡೆ ಎರಡು ಸೆಂಟಿಮೀಟರು ಗಿಡ್ಡವಿತ್ತು. ಮತ್ತೆ ಅಳೆದೆ, ಎರಡೇ ಬಂತು.

ಬಾಗಿಲ ಸಂದಿಯಲ್ಲಿ ಅಕ್ಕನಿಗೆ ಮೆಲ್ಲಗೆ ಹೇಳಿದೆ. "ಅಕ್ಕ, ಎರಡು ಸೆಂಟಿಮೀಟರ್ ಗಿಡ್ಡ ಬರ್ತಿದೆ. ಕೂರಿಸಿ ಇನ್ನೊಂದು ತೆಗೆದ್ರೆ?"

"ಊತ ಇದೆ, ಟೇಪು ಸರಿಯಾಗಿ ಕೂರಲ್ಲ. ಡಾಕ್ಟ್ರು ನೋಡಿ ಆಯ್ತಲ್ಲ. ಮತ್ತೆ ಅವನನ್ನ ಎಬ್ಬಿಸಿ ಗೋಳು ಹುಯ್ಕೋಬೇಡ."

ನಾನು ಹೋಗಿ ಸ್ಲಿಂಗ್ ಕಟ್ಟಿದೆ. ಪಟ್ಟಿ ಕಟ್ಟುವವನು ಫಿಲ್ಮಿನ ಬಗ್ಗೆ ಬಾಯಿ ಹಾಕುವುದು ನಮ್ಮಲ್ಲಿ ಅಧಿಕಪ್ರಸಂಗ. ಆ ನೆಪ ಅವತ್ತು ನನಗೆ ಅನುಕೂಲವಾಗಿಯೂ ಇತ್ತು.

ಅವನು ಎರಡು ವಾರ ಸ್ಲಿಂಗ್ ಬಿಚ್ಚಲಿಲ್ಲ. ಇದನ್ನು ನಾನು ನೋಡಿಯೇ ಹೇಳುತ್ತಿದ್ದೇನೆ, ನಾನಿರುವುದು ಅದೇ ಬೀದಿಯಲ್ಲಿ, ಎರಡು ಮನೆ ಆಚೆ. ಅವನ ಎರಡು ವರ್ಷದ ಮಗಳು ಎತ್ತಿಕೋ ಎಂದು ಕಾಲಿಗೆ ಜೋತುಬೀಳುತ್ತಿದ್ದಳು. ಅವನು ಮೆಟ್ಟಿಲ ಮೇಲೆ ಕೂತು, ಬಲಗೈಯಿಂದ ಅವಳ ತಲೆ ಸವರಿ, "ಇವತ್ತು ಅಪ್ಪನ ಕೈ ರಜಾ ಹಾಕಿದೆ ಪುಟ್ಟಿ" ಎನ್ನುತ್ತಿದ್ದ. ಮಗು ಅತ್ತು ಅತ್ತು ಅಲ್ಲೇ ನಿದ್ದೆ ಹೋಗುತ್ತಿತ್ತು. ರಾತ್ರಿ ಕುರ್ಚಿಯಲ್ಲೇ ಒರಗಿ ಮಲಗುತ್ತಿದ್ದ. ಸಿಗರೇಟನ್ನು ಮಾತ್ರ ಪೂರ್ತಿ ಬಿಡಲಿಲ್ಲ, ದಿನಕ್ಕೆ ಎರಡಕ್ಕೆ ಇಳಿಸಿದ್ದ. ಒಂದೇ ಗುರಿ ಅವನಿಗೆ, ಮೂರು ತಿಂಗಳಲ್ಲಿ ಮತ್ತೆ ಕಂಬ ಹತ್ತಬೇಕು. ಇಲಾಖೆಯಲ್ಲಿ ಆರು ತಿಂಗಳು ದಾಟಿದರೆ ಅವನ ತಂಡದ ಜಾಗಕ್ಕೆ ಬೇರೆಯವನನ್ನು ಹಾಕುತ್ತಾರೆ.

ಎರಡು ವಾರಕ್ಕೆ ಬಂದ. ಈಗ ತಲೆ ಸುತ್ತುತ್ತಿರಲಿಲ್ಲ, ಅಕ್ಕ ಗೋಡೆಗೆ ನಿಲ್ಲಿಸಿದರು, ಬಾಣ ಇಟ್ಟರು, ತೆಗೆದರು. ಪರದೆಯ ಮೇಲೆ ಚಿತ್ರ ಮೂಡಿದಾಗ ನಾನೂ ಬಾಗಿಲ ಬಳಿ ಇದ್ದೆ. ಎರಡು ತುಂಡುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಒಂದರ ಮೇಲೊಂದು ಏರಿದ್ದವು. ಒಳಗಿನದು ಚರ್ಮದ ಕಡೆಗೆ ಚೂಪಾಗಿ ಎದ್ದಿತ್ತು, ಹೊರಗಿನದು ಜೋತುಬಿದ್ದಿತ್ತು, ಸಣ್ಣ ಚೂರು ಎರಡರ ನಡುವೆ ಅಡ್ಡಲಾಗಿ ತಿರುಗಿ ನಿಂತಿತ್ತು. ಅಕ್ಕ ಬಹಳ ಹೊತ್ತು ಪರದೆ ನೋಡಿದರು. ನನ್ನ ಕಡೆ ತಿರುಗಲಿಲ್ಲ.

ದೊಡ್ಡ ಡಾಕ್ಟರು ಎರಡು ಫಿಲ್ಮುಗಳನ್ನೂ ಅಕ್ಕಪಕ್ಕ ಇಟ್ಟು ಹುಬ್ಬೇರಿಸಿದರು. ಆ ಕೋಣೆಯಲ್ಲಿ ಐದು ಜನ: ಡಾಕ್ಟರು, ತಮ್ಮ, ಅವನ ಹೆಂಡತಿ, ಅಕ್ಕ, ಹೊಸ ಸ್ಲಿಂಗ್ ಹಿಡಿದು ನಿಂತ ನಾನು.

"ಇದೇನಪ್ಪಾ ಇಷ್ಟು ಜರುಗಿದೆ? ಎರಡೂವರೆ ಸೆಂಟಿಮೀಟರ್ ಒಂದರ ಮೇಲೊಂದು ಹೋಗಿದೆ. ಮೂಳೆಗೆ ಮೂಳೆ ತಾಗ್ತಾನೇ ಇಲ್ಲ, ಮಧ್ಯ ಚೂರು ಬೇರೆ. ನಿನ್ನ ಕೆಲಸಾನೂ ಕೈ ಎತ್ತಿ ಮಾಡೋದು. ಹೀಗಿದ್ರೆ ಪ್ಲೇಟ್ ಹಾಕೋಣವಾ ಅಂತ ಯೋಚಿಸ್ಬೇಕಾಗುತ್ತೆ. ಸ್ಲಿಂಗಲ್ಲೇ ಬಿಟ್ರೂ ಇಂಥವು ಸುಮಾರು ಜನಕ್ಕೆ ಕೂಡ್ತವೆ, ಆದ್ರೆ ಏಳೆಂಟು ಜನರಲ್ಲಿ ಒಬ್ಬರಿಗೆ ಕೂಡೋದೇ ಇಲ್ಲ. ಪ್ಲೇಟಲ್ಲಿ ಅದು ತುಂಬ ಕಮ್ಮಿ. ಅದಕ್ಕೂ ಅದರದ್ದೇ ಕಾಟ ಇದೆ, ಗಾಯದ ಕೆಳಗೆ ಜೋಮು, ಸ್ಕ್ರೂ ಒತ್ತೋದು, ಕೀವಾಗೋ ಭಯ." ಅವರು ಕನ್ನಡಕ ತೆಗೆದರು. "ಮೊದಲು ಇದನ್ನ ಹೇಳು. ಸ್ಲಿಂಗ್ ತೆಗೆದಿದ್ಯಾ?"

"ಇಲ್ಲ ಸರ್. ಒಂದು ದಿನಾನೂ ತೆಗೆದಿಲ್ಲ."

"ಏನನ್ನಾದ್ರೂ ಎತ್ತಿದ್ಯಾ?"

"ಇಲ್ಲ ಸರ್."

"ಮಗೂನ ಎತ್ಕೊಂಡಿರ್ತೀರ" ಎಂದಳು ಹೆಂಡತಿ. "ನಾನು ಅಂಗಡಿಗೆ ಹೋದಾಗ ಅದು ಅಳ್ತಿರುತ್ತೆ, ನಿಮಗೆ ತಡ್ಕೊಳೋಕೆ ಆಗಲ್ಲ. ನಿಜ ಹೇಳ್ರಿ, ಡಾಕ್ಟ್ರ ಹತ್ರ ಯಾಕೆ ಮುಚ್ಚಿಡ್ತೀರ?"

"ಎತ್ತಿಲ್ಲ ಕಣೇ."

"ಹಾಗಿದ್ರೆ ತಾನಾಗೇ ಜರುಗ್ತಾ?" ಎಂದರು ಡಾಕ್ಟರು. ಜರುಗುವುದೂ ಉಂಟು, ಅದು ಅವರಿಗೂ ಗೊತ್ತು. ಆದರೆ ಅರ್ಧ ತಾಗಿಕೊಂಡಿದ್ದದ್ದು ಹೀಗಾದರೆ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಅವರು ಅಕ್ಕನ ಕಡೆ ತಿರುಗಿದರು. "ನೀವೇ ಸಾಕಿದ್ದಲ್ವಾ ಅಕ್ಕ, ನೀವು ಹೇಳಿ. ಮಾತು ಕೇಳೋ ಆಸಾಮಿನಾ ಇವನು? ಪ್ಲೇಟ್ ಹಾಕಿದ ಮೇಲೂ ಆರು ವಾರ ಭಾರ ಎತ್ತಂಗಿಲ್ಲ. ಎತ್ತಿದ್ರೆ ಪ್ಲೇಟ್ ಬಗ್ಗುತ್ತೆ, ಸ್ಕ್ರೂ ಕಿತ್ತು ಬರುತ್ತೆ. ಆಗ ಎರಡು ಆಪರೇಷನ್."

ಒಂದೇ ಮಾತು ಸಾಕಿತ್ತು. ಸರ್, ಮೊದಲನೇದು ಮಲಗಿಸಿ ತೆಗೆದದ್ದು. ಅಷ್ಟೇ. ಆಗ ಮೂಳೆ ಮೊದಲ ದಿನವೇ ಹೀಗಿತ್ತೆಂದು ಗೊತ್ತಾಗುತ್ತಿತ್ತು, ಇವನು ಹೇಳಿದ ಮಾತು ಕೇಳುವವನೆಂದೂ ಗೊತ್ತಾಗುತ್ತಿತ್ತು. ಅಕ್ಕನ ತುಟಿ ಅಲ್ಲಾಡಿತು. ಗೋಡೆಯ ಮೇಲಿನ ಬರಹ, ಅತ್ತುಕೊಂಡು ಹೋದ ಹುಡುಗಿ, ಇಪ್ಪತ್ತಾರು ವರ್ಷದ ಗತ್ತು, ಎಲ್ಲ ಅವರ ಕಣ್ಣ ಮುಂದೆ ಹಾದುಹೋಗಿರಬೇಕು ಎಂದು ನಾನು ಊಹಿಸುತ್ತೇನೆ.

"ಚಿಕ್ಕಂದಿನಿಂದ ಅವನ ಕೈ ಸುಮ್ನೆ ಇರಲ್ಲ ಸರ್" ಎಂದರು.

ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ. ನಾನು ಕೈಯಲ್ಲಿದ್ದ ಸ್ಲಿಂಗಿನ ಮಡಿಕೆ ಸರಿಮಾಡಿದೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಬದುಕಿನಲ್ಲಿ ಮಾಡಿಲ್ಲ.

"ಹಾಗಾದ್ರೆ ಸ್ಲಿಂಗಲ್ಲೇ ಮುಂದುವರಿಸೋಣ" ಎಂದು ಡಾಕ್ಟರು ಬರೆದರು. "ಗಂಟು ಉಳ್ಕೊಳುತ್ತೆ, ಕೂಡ್ಕೊಳುತ್ತೆ. ಈ ಸಲನಾದ್ರೂ ಹೇಳಿದ್ದು ಕೇಳು."

ಮನೆಗೆ ಹೋಗುವ ದಾರಿಯುದ್ದಕ್ಕೂ ಹೆಂಡತಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಮರುದಿನ ಅವನ ತಂಡದವರು ನೋಡಲು ಬಂದು, ಮಗಳ ಮೇಲಿನ ಪ್ರೀತಿಗೆ ಭುಜ ತೆತ್ತ ಎಂದು ನಕ್ಕರು. ಅವನು ಮೊದಮೊದಲು ಅಲ್ಲಗಳೆಯುತ್ತಿದ್ದ. ಆಮೇಲೆ ಬಿಟ್ಟುಬಿಟ್ಟ. ಒಂದು ಸಂಜೆ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, "ನಿದ್ದೆಗಣ್ಣಲ್ಲಿ ಏನಾದ್ರೂ ಎತ್ತಿದ್ನಾ ಅಂತ ನಂಗೇ ಅನುಮಾನ ಬರ್ತಿದೆ ಅಣ್ಣ" ಎಂದ. ನಾನು ಏನೂ ಹೇಳಲಿಲ್ಲ. ಅಕ್ಕನ ಮಾನ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕನ ಮಾನ ಕಾಯಲು ನಾನೆಂಥ ದೊಡ್ಡ ಮನುಷ್ಯ.

ಮೂಳೆ ಕೂಡಲಿಲ್ಲ. ಏಳೆಂಟರಲ್ಲಿ ಒಬ್ಬ ಅವನೇ ಆದ. ಮೂರು ತಿಂಗಳಿಗೂ ಕೈಯೆತ್ತಿದರೆ ಒಳಗೆ ಲಟಕ್ ಎನ್ನುತ್ತಿತ್ತು, ಕಾಯೋಣ ಎಂದರು. ಆರು ತಿಂಗಳಿಗೂ ಎನ್ನುತ್ತಿತ್ತು. ಅಷ್ಟು ಹೊತ್ತಿಗೆ ತಂಡದ ಜಾಗಕ್ಕೆ ಬೇರೆಯವನು ಬಂದು, ಇವನನ್ನು ಗೋದಾಮಿಗೆ ಹಾಕಿದ್ದರು. ಕಂಬಕ್ಕೆ ಹಾಕುವ ಪಿಂಗಾಣಿ ಬಿಲ್ಲೆ, ತಂತಿಯ ಸುರುಳಿ ಎಣಿಸಿ ಕೊಡುವ ಕೆಲಸ. ಹೆಗಲಿಗೆ ಹಗ್ಗ ಏರಿಸಿ ಹೊರಡುವ ಹಳೆಯ ಜೊತೆಗಾರರಿಗೆ ದಿನಾ ಬೆಳಿಗ್ಗೆ ಇವನೇ ಸಾಮಾನು ಎತ್ತಿಕೊಡಬೇಕು, ಅದೂ ಬಲಗೈಯಲ್ಲಿ.

ಆ ವೇಳೆಗೆ ದೊಡ್ಡ ಡಾಕ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಒಬ್ಬ ಡಾಕ್ಟರಮ್ಮ ಬಂದಿದ್ದರು. ಸಣ್ಣ ವಯಸ್ಸು, ಯಾರಿಗೂ ಅಕ್ಕ ಅನ್ನುವ ಗೋಜಿಗೆ ಹೋಗದವರು. ಹಳೆಯ ಫಿಲ್ಮುಗಳನ್ನೆಲ್ಲ ಹರಡಿಕೊಂಡು ಒಂದೊಂದಾಗಿ ನೋಡಿದರು. ಮೊದಲನೆಯದರ ಮೂಲೆಯಲ್ಲಿ ಅವರ ಬೆರಳು ನಿಂತಿತು.

"ಇದೊಂದರಲ್ಲಿ ಬಾಣದ ಗುರುತಿಲ್ಲ. ಮಲಗಿಸಿ ತೆಗೆದದ್ದಾ?"

ಅಕ್ಕ ಬಾಗಿಲಲ್ಲಿದ್ದರು. "ಹೌದು" ಎಂದರು. ದನಿ ನೆಟ್ಟಗಿತ್ತು, ಬಹುಶಃ ಆರು ತಿಂಗಳು ಈ ಪ್ರಶ್ನೆಗೇ ಕಾದಿದ್ದರು.

ತಮ್ಮ ಕೇಳಿದ. "ಅಂದ್ರೆ ಏನು ಮೇಡಂ? ಆ ಎರಡು ವಾರದಲ್ಲಿ ಜರುಗಿದ್ದಲ್ವಾ ಅದು?"

"ಖಂಡಿತವಾಗಿ ಹೇಳೋಕಾಗಲ್ಲ. ಈ ಫಿಲ್ಮ್ ನೋಡಿ ಹೇಳೋದಾದ್ರೆ, ಮೊದಲ ದಿನವೇ ಹಾಗೇ ಇದ್ದಿರಬಹುದು. ಮಲಗಿದ್ದಾಗ ಹತ್ರ ಬಂದು ಕಾಣಿಸುತ್ತೆ. ಅವತ್ತು ಯಾರಾದ್ರೂ ಅಳತೆ ತೆಗೆದಿದ್ರೆ ಗೊತ್ತಾಗ್ತಿತ್ತು."

ನನ್ನ ಬಾಯಿಂದ ಮಾತು ತಾನಾಗಿ ಬಂತು. "ತೆಗೆದಿದ್ದೆ. ಎರಡು ಸೆಂಟಿಮೀಟರ್ ಗಿಡ್ಡ ಇತ್ತು. ಅವತ್ತೇ."

"ಯಾರಿಗಾದ್ರೂ ಹೇಳಿದ್ರಾ?"

ಉತ್ತರ ಕೊಡಬೇಕಾಗಲಿಲ್ಲ. ತಮ್ಮ ಆಗಲೇ ಅಕ್ಕನ ಮುಖ ನೋಡುತ್ತಿದ್ದ.

"ನೋವಾಗ್ತಿತ್ತಲ್ಲೋ ನಿಂಗೆ" ಎಂದರು ಅಕ್ಕ. "ನೋಡೋಕಾಗಲಿಲ್ಲ ನಂಗೆ. ಅದಕ್ಕೆ ಮಲಗಿಸಿದೆ."

"ಮಲಗಿಸಿದ್ದಕ್ಕೆ ನಂಗೇನೂ ಇಲ್ಲ ಅಕ್ಕ" ಎಂದ ಅವನು, ತೀರ ಮೆತ್ತಗೆ. "ಆಪರೇಷನ್ ಅವತ್ತೇ ಆಗಿದ್ರೂ ಏನಾಗ್ತಿತ್ತೋ ಯಾರಿಗೆ ಗೊತ್ತು. ನಾನು ಕೈ ಎತ್ತಿಲ್ಲ ಅಂತ ನಿಂಗೆ ಗೊತ್ತಿತ್ತು. ಇವಳು ಅಂದಾಗ, ಅವರು ಅಂದಾಗ, ಊರೆಲ್ಲ ಅಂದಾಗ ನಿಂಗೆ ಗೊತ್ತಿತ್ತು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಅವನು ಬೈಯಲೂ ಇಲ್ಲ. ನಾನು ಆ ಲೆಕ್ಕಕ್ಕೇ ಇಲ್ಲದವನು.

ಡಾಕ್ಟರಮ್ಮ ಆಪರೇಷನ್ ಮಾಡಿದರು. ಸತ್ತುಹೋದ ತುದಿಗಳನ್ನು ಹೆರೆದು, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ನಡುವೆ ತುಂಬಿ, ಮೇಲೆ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು. ಎರಡು ವಾರದಲ್ಲಿ ಆಗಿದ್ದರೆ ಸೊಂಟ ಕೊಯ್ಯಬೇಕಿರಲಿಲ್ಲ. ಕಾಗದಕ್ಕೆ ಸಹಿ ಹಾಕಿದವಳು ಹೆಂಡತಿ. ಅಕ್ಕ ರಜೆ ಹಾಕಿ ಆ ಇಡೀ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಾರ್ಡಿಗೆ ತಂದ ಮೇಲೆ ಅವನು ನಿದ್ದೆ ಬರುತ್ತಿದೆ ಎಂದು ಹೇಳಿಕಳಿಸಿದ. ಮರುದಿನವೂ ನಿದ್ದೆ ಬರುತ್ತಿತ್ತು.

ಅಕ್ಕ ಗೋಡೆಯ ಮೇಲಿನ ಬರಹ ಕಿತ್ತುಹಾಕಲಿಲ್ಲ. ಯಾರಿಗೂ ಬೈಯುವುದನ್ನು ಮಾತ್ರ ನಿಲ್ಲಿಸಿದರು.

ಆಪರೇಷನ್ ಆಗಿ ಐದು ತಿಂಗಳಿಗೆ ತಮ್ಮ ಕೊನೆಯ ಫಿಲ್ಮಿಗೆ ಬಂದ. ಮೂಳೆ ಕೂಡಿತ್ತು. ಕೈ ಕಿವಿಯವರೆಗೆ ಏಳುತ್ತಿತ್ತು, ಅಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಇರಲಿಲ್ಲ. ಇಲಾಖೆಯ ವೈದ್ಯಕೀಯ ಮಂಡಳಿ ಗೋದಾಮನ್ನೇ ಕಾಯಂ ಮಾಡಿತ್ತು. ಅವನು ತಾನಾಗಿ ಅಂಗಿ ಬಿಚ್ಚಿ, ಯಾರೂ ಹೇಳದೆಯೇ ಗೋಡೆಗೆ ಆನಿ ನೆಟ್ಟಗೆ ನಿಂತ. ಅಕ್ಕ ಹತ್ತಿರ ಹೋಗಿ ಗದ್ದ ಸ್ವಲ್ಪ ಎತ್ತಿಸಲು ಕೈ ಚಾಚಿದರು. ಅವನು ತಾನೇ ಗದ್ದ ಎತ್ತಿದ.

"ಅಲ್ಲಾಡಬೇಡ" ಎಂದರು ಅಕ್ಕ.

ಅವನು ಅಲ್ಲಾಡಲಿಲ್ಲ. ಯಂತ್ರ ಗುಂಯ್ ಎಂದು ನಿಂತಿತು. ಅವನು ಅಂಗಿಯ ತೋಳಿಗೆ ಮೊದಲು ಎಡಗೈ, ಆಮೇಲೆ ಬಲಗೈ ಹಾಕಿಕೊಂಡು ಗುಂಡಿ ಹಾಕಿದ. ಬಾಗಿಲ ಬಳಿ ನಿಂತು, ಹಿಂದಕ್ಕೆ ನೋಡದೆ ಕೇಳಿದ.

"ಆಯ್ತಾ ಮೇಡಂ? ನಾನು ಹೊರಡಬಹುದಾ?"

ಅಕ್ಕ "ಆಯ್ತು" ಎಂದರು.